ಅಪ್ಪನ ಎರಡು ನಿಮಿಷದ ಮಾತು

ತಂಗಿಯ ಆರತಕ್ಷತೆಗೆ ಇನ್ನು ಒಂಬತ್ತು ದಿನ ಇತ್ತು. ಅಪ್ಪ ಎರಡು ಮಾತಾಡಬೇಕು ಅಂತ ಬೀಗರ ಕಡೆಯವರು ಹೇಳಿ ಕಳಿಸಿದರು. ಚಿಕ್ಕಪ್ಪನ ಮಗ ಅರ್ಧ ಗಂಟೆಯಲ್ಲೇ ನೆಟ್‌ನಿಂದ ಒಂದು ಭಾಷಣ ಹುಡುಕಿ ವಾಟ್ಸಾಪ್‌ಗೆ ಹಾಕಿದ. ಅದು ಹೀಗಿತ್ತು:

"ನೆರೆದಿರುವ ಬಂಧು ಬಾಂಧವರೇ, ಮದುವೆ ಎಂಬುದು ಎರಡು ಹೃದಯಗಳ ಬೆಸುಗೆ, ಎರಡು ಕುಟುಂಬಗಳ ಮಿಲನ. ನಮ್ಮ ಮನೆಯ ನಂದಾದೀಪವಾಗಿದ್ದ ಮಗಳು ಇಂದು ಮತ್ತೊಂದು ಮನೆಯನ್ನು ಬೆಳಗಲು ಹೊರಟಿದ್ದಾಳೆ. ಸದ್ಗುಣ ಸಂಪನ್ನನಾದ ವರನೊಂದಿಗೆ ಹಾಲು ಜೇನಿನಂತೆ ಬೆರೆತು ನೂರು ಕಾಲ ಬಾಳಲಿ."

ಅಪ್ಪ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. 'ಸದ್ಗುಣ ಸಂಪನ್ನ'ದ ಹತ್ತಿರ ಒಮ್ಮೆ ಎಡವಿದರು. "ಚೆನ್ನಾಗೈತೆ. ಆದ್ರೆ ಇದು ಯಾರ ಮಗಳ ಮದುವೆ?" ಅಂದರು.

ನಾನು ಹೈಸ್ಕೂಲ್ ಕನ್ನಡ ಮೇಷ್ಟ್ರು. ತಿದ್ದೋದು ಅಂದರೆ ಕೆಂಪು ಪೆನ್ನು ಹಿಡಿದು ಕೂರೋದು ಅಂತಲೇ ಅಭ್ಯಾಸ. ಹಾಗೇ ಕೂತೆ. ಹೆಸರು ಬದಲಾಯಿಸಿದರೆ ಪಕ್ಕದ ಛತ್ರದಲ್ಲೂ ಹೇಳಬಹುದಾದ ಸಾಲನ್ನೆಲ್ಲ ಹೊಡೆದು ಹಾಕುತ್ತಾ ಹೋದೆ. ಕೊನೆಗೆ ಹಾಳೆಯಲ್ಲಿ ಒಂದು ಸಾಲೂ ಉಳಿಯಲಿಲ್ಲ. ಆಮೇಲೆ ತಿಳಿಯಿತು, ಈ ಕರಡನ್ನು ತಿದ್ದಿ ಪ್ರಯೋಜನವಿಲ್ಲ. 'ಬೆಸುಗೆ' ತೆಗೆದು 'ಬಂಧ' ಅಂತ ಬರೆದರೆ ಅಪ್ಪನ ಮಾತು ಆಗುತ್ತದಾ? ಇಲ್ಲ. ಅದರಿಂದ ಉಳಿಸಿಕೊಂಡದ್ದು ಅದರ ಮೂರು ಜಾಗಗಳನ್ನು ಮಾತ್ರ: ಮಗಳ ಬಗ್ಗೆ, ಹುಡುಗನ ಬಗ್ಗೆ, ಹಾರೈಕೆ. ಆ ಜಾಗಗಳಲ್ಲಿ ಏನು ತುಂಬಬೇಕು ಅನ್ನೋದು ಅಪ್ಪನ ಬಾಯಿಂದಲೇ ಬರಬೇಕಿತ್ತು.

"ತಂಗಿ ಬಗ್ಗೆ ಏನಾದರೂ ಹೇಳಪ್ಪ" ಅಂತ ಕೇಳಿದೆ. "ಏನು ಹೇಳೋದು, ಒಳ್ಳೆ ಹುಡುಗಿ" ಅಂದರು. ಪ್ರಶ್ನೆ ತೀರಾ ಅಗಲವಾಗಿತ್ತು. ಮಾರನೇ ದಿನ ಸಂಜೆ ಅಟ್ಟದಿಂದ ಕಾಯಿ ಇಳಿಸುವಾಗ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಜೇಬಿಗೆ ಇಟ್ಟುಕೊಂಡೆ. ರೆಕಾರ್ಡ್ ಮಾಡ್ತಿದೀನಿ ಅಂತ ಮೊದಲೇ ಹೇಳಿದ್ದೆ. ಐದು ನಿಮಿಷದಲ್ಲಿ ಅವರು ಅದನ್ನು ಮರೆತೇಬಿಟ್ಟರು. "ಅವಳು ನಿಂಗೆ ಯಾವತ್ತಾದರೂ ಎದುರು ಮಾತಾಡಿದ್ದು ನೆನಪಿದೆಯಾ?" ಅಂತ ಕೇಳಿದ್ದೇ ತಡ, ಶುರುವಾಯಿತು. ಸಣ್ಣ ಪ್ರಶ್ನೆ, ಕೈಯಲ್ಲಿ ಕೆಲಸ. ಈ ಎರಡೂ ಇಲ್ಲದಿದ್ದರೆ ಅಪ್ಪನ ತರದವರು ಮಾತಾಡುವುದಿಲ್ಲ.

ಇಪ್ಪತ್ತು ನಿಮಿಷದ ರೆಕಾರ್ಡಿಂಗನ್ನು ರಾತ್ರಿ ಕೂತು ಇದ್ದದ್ದು ಇದ್ದ ಹಾಗೆ ಬರೆದುಕೊಂಡೆ. ತಿದ್ದಲೇ ಇಲ್ಲ. ಆಗ ಕಂಡದ್ದು ಎರಡು ವಿಷಯ. ಅಪ್ಪ ಯಾವಾಗಲೂ ಫಲಿತಾಂಶ ಮೊದಲು ಹೇಳಿ ಕಾರಣ ಆಮೇಲೆ ಹೇಳುತ್ತಾರೆ: "ಒಂದು ಚೀಲ ಉಳೀತು ನೋಡು. ಅವಳೇ ಉಳಿಸಿದ್ದು." ಇನ್ನೊಂದು, ಎರಡು ಸಾಲಿಗೊಂದು "ಅಂತಿಟ್ಕಳಿ" ಬರುತ್ತದೆ. ಎಣಿಸಿದರೆ ಹದಿನಾಲ್ಕು ಸಲ ಇತ್ತು. ಎಲ್ಲ ಉಳಿಸಿದರೆ ಅಣಕದಂತೆ ಕೇಳುತ್ತದೆ, ಎಲ್ಲ ತೆಗೆದರೆ ಅಪ್ಪ ಇರೋದಿಲ್ಲ. ಒಂದು ಇಟ್ಟುಕೊಂಡೆ.

ಮೊದಲ ಸಲ ಬರೆದಾಗ 'ಐತೆ', 'ಬಂದವ್ಳೆ' ಅಂತ ಮನೆಯ ಮಾತನ್ನೇ ಹಾಕಿದ್ದೆ. ಅಪ್ಪ ಓದುವಾಗ ತಾವಾಗಿಯೇ 'ಇದೆ', 'ಬಂದಿದಾಳೆ' ಅಂತ ಬದಲಾಯಿಸಿಕೊಂಡರು. ಬ್ಯಾಂಕಿಗೆ ಹೋದಾಗಲೂ ಅವರು ಹಾಗೇ ಮಾತಾಡೋದು. ಜನರ ಮುಂದೆ ಮಾತಾಡುವ ಅಪ್ಪನ ದನಿ ಅಡುಗೆಮನೆಯ ದನಿಯೂ ಅಲ್ಲ, ಪುಸ್ತಕದ ದನಿಯೂ ಅಲ್ಲ. ಅದು ನಡುವಿನದು. ಆ ನಡುವಿನದನ್ನೇ ಬರೆದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ನಮ್ಮದು ತಿಪಟೂರು ಸೀಮೆ. ಉಂಡೆ ಕೊಬ್ಬರಿ ಅಂದರೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ, ಆಗ ಆಗಿದೆ ಅಂತ ಲೆಕ್ಕ. ನಾನು ಅಲ್ಲೊಂದು ಸಾಲು ಸೇರಿಸಿದೆ: "ಪ್ರೀತಿಯೂ ಕೊಬ್ಬರಿಯ ಹಾಗೆ, ಕಾದಷ್ಟೂ ಗಟ್ಟಿ." ಬರೆದಾಗ ಬಹಳ ಖುಷಿಯಾಯಿತು. ಅಪ್ಪ ಓದಿ ನಕ್ಕರು. "ಇದು ನೀನು ಹೇಳೋದು. ನಾನು ಹೇಳಲ್ಲ." ನಿಜ ಅಲ್ವಾ? ಹೃದಯಗಳ ಬೆಸುಗೆ ತೆಗೆದು ಅದೇ ಜಾಗಕ್ಕೆ ಊರಿನ ಕೊಬ್ಬರಿ ತಂದಿಟ್ಟಿದ್ದೆ. ಕೊಬ್ಬರಿ ಅಪ್ಪನದೇ, ಹೋಲಿಕೆ ಮಾತ್ರ ನನ್ನದು. ಆ ಸಾಲು ತೆಗೆದು, ಅಟ್ಟದಲ್ಲಿ ನಡೆದದ್ದನ್ನು ಅಷ್ಟಕ್ಕೇ ಬಿಟ್ಟೆ.

ಐದನೇ ದಿನಕ್ಕೆ ಮಾತು ಈ ರೂಪಕ್ಕೆ ಬಂತು:

"ಎಲ್ಲಾರಿಗೂ ನಮಸ್ಕಾರ. ದೂರದಿಂದ ಬಂದಿದೀರ, ಸಂತೋಷ. ನನಗೆ ಭಾಷಣ ಬರಲ್ಲ. ನನ್ನ ಮಗಳು ಏಳನೇ ಕ್ಲಾಸಲ್ಲೇ ನನ್ನ ಒಂದು ಚೀಲ ಕೊಬ್ಬರಿ ಉಳಿಸಿದಾಳೆ. ಮಂಡಿಗೆ ಕರಕೊಂಡು ಹೋಗಿದ್ದೆ ಅಂತಿಟ್ಕಳಿ. ಹಾಕಿದ್ದು ನಲವತ್ತಮೂರು ಚೀಲ, ಚೀಟಿಲಿ ನಲವತ್ತೆರಡು. ನಾನು ಮಡಚಿ ಜೇಬಿಗೆ ಇಟ್ಟಿದ್ದೆ. ಅಪ್ಪ, ನಾನು ಎಣಿಸಿದೀನಿ, ತೆಗಿ ಅಂದ್ಲು. ನಾನು ಸುಮ್ನಿರು ಅಂದೆ. ಅವಳು ಸುಮ್ನಿರಲಿಲ್ಲ.

ಹುಡುಗ ಮನೆಗೆ ಬಂದಾಗ ಅಟ್ಟ ನೋಡ್ತೀನಿ ಅಂದ. ಕಾಯಿ ಆಗಿದೆ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಕೇಳಿದ. ಅಲ್ಲಾಡಿಸಿ ತೋರಿಸಿದೆ. ಎರಡನೇ ಸಲ ಬಂದಾಗ ತಾನೇ ಒಂದು ಕಾಯಿ ಎತ್ತಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಇನ್ನೂ ಆಗಿಲ್ಲ ಅಂದ. ಸರಿಯಾಗೇ ಹೇಳಿದ. ಅವತ್ತೇ ಒಳಗೆ ಹೋಗಿ ನಮ್ಮನೆಯವಳಿಗೆ ಹೇಳಿದೆ, ಹುಡುಗ ಕೇಳ್ತಾನೆ ಕಣೆ ಅಂತ.

ಇಬ್ಬರೂ ಚೆನ್ನಾಗಿರಿ. ಎಲ್ಲಾರೂ ಊಟ ಮಾಡ್ಕೊಂಡೇ ಹೋಗಬೇಕು."

ಮೊದಲ ಮೂರು ಸಾಲಿನಲ್ಲಿ ಬೇಕಂತಲೇ ಏನೂ ಇಟ್ಟಿಲ್ಲ. ಛತ್ರದಲ್ಲಿ ಮೈಕ್ ಕೈಗೆ ಬಂದಾಗ ಅರ್ಧ ಜನ ಉಡುಗೊರೆ ಕೊಡೋ ಸಾಲಿನಲ್ಲಿ ಇರುತ್ತಾರೆ, ಆರ್ಕೆಸ್ಟ್ರಾದವರು ಆಗತಾನೇ ನಿಲ್ಲಿಸಿರುತ್ತಾರೆ. ಆ ಹೊತ್ತಿನಲ್ಲಿ ಹೇಳಿದ್ದು ಗದ್ದಲದಲ್ಲಿ ಹೋಗುತ್ತದೆ. 'ಒಂದು ಚೀಲ ಕೊಬ್ಬರಿ' ಅನ್ನುವಾಗ ಕಿವಿಗಳು ಇತ್ತ ತಿರುಗಿದರೆ ಸಾಕು. ಹಾರೈಕೆಯಲ್ಲಿ ಮಾತ್ರ ಹಳೆಯ ಮಾತನ್ನೇ ಇಟ್ಟೆ. ಹಿರಿಯರ ಬಾಯಲ್ಲಿ 'ಚೆನ್ನಾಗಿರಿ' ಎಂದೂ ಹಳಸೋದಿಲ್ಲ. ಅಲ್ಲಿ ಹೊಸತನ ಮಾಡಲು ಹೋಗಬಾರದು ಅಂತ ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಮೂರು ಸಲ ಓದಿಸಿದೆ. ಎಲ್ಲೆಲ್ಲಿ ಉಸಿರು ಕಟ್ಟಿತೋ ಅಲ್ಲಿ ವಾಕ್ಯ ಮುರಿದೆ. ಓದುವಾಗ ಎರಡು ಸಲ ಒಂದೇ ಪದಕ್ಕೆ ಎಡವಿದರೆ ಆ ಪದ ಅವರದಲ್ಲ ಅಂತ ತೆಗೆದೆ. 'ಸಮಾಧಾನವಾಯಿತು' ಅಂತ ಒಂದು ಹಾಗೇ ಹೋಯಿತು. ನಾಲ್ಕನೇ ಸಲ ಕಾಗದ ಕಿತ್ತುಕೊಂಡೆ. ಕಣ್ಣು ಕಾಗದದ ಮೇಲೆ ಇದ್ದರೆ ಸ್ವಂತ ಮಾತೂ ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. ಬದಲಿಗೆ ಒಂದು ಲಗ್ನಪತ್ರಿಕೆಯ ಹಿಂದೆ ದಪ್ಪಕ್ಷರದಲ್ಲಿ ಮೂರೇ ಪದ ಬರೆದುಕೊಟ್ಟೆ: ಚೀಟಿ, ಅಟ್ಟ, ಊಟ.

ಅವತ್ತು ಅಪ್ಪ ಅದನ್ನೂ ಜೇಬಿನಿಂದ ತೆಗೆಯಲಿಲ್ಲ. ನಮಸ್ಕಾರ ಮುಗಿಸಿ ಮಂಡಿಗೆ ಬಂದರು. "ಹಾಕಿದ್ದು ನಲವತ್ತೋ ಐವತ್ತೋ ಚೀಲ ಅಂತಿಟ್ಕಳಿ" ಅಂದರು. ನನಗೆ ಎದೆ ಧಸಕ್ ಅಂತು, ಇಡೀ ಕಥೆ ನಿಂತಿರೋದೇ ಆ ಲೆಕ್ಕದ ಮೇಲೆ. ಅಷ್ಟರಲ್ಲಿ ಹಿಂದಿನಿಂದ, ಹಾರ ಸರಿಮಾಡಿಕೊಳ್ಳುತ್ತಾ, ತಂಗಿ ಮೈಕಿಗೂ ಕೇಳುವ ಹಾಗೆ ಹೇಳಿದಳು: "ನಲವತ್ತಮೂರು, ಅಪ್ಪ."