ಎಲ್‌ಇಡಿ ಬೆಳಕಿನಲ್ಲಿ ಪ್ರೇಕ್ಷಕ ಅಯಾನುಗಳನ್ನು ಹುಡುಕಿದ್ದು

ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್ ದ್ರಾವಣಗಳನ್ನು ಬೆರೆಸಿದಾಗ ಬಿಳಿ ಪ್ರಕ್ಷೇಪ ಎಲ್ಲ ಮಕ್ಕಳಿಗೂ ಕಾಣುತ್ತದೆ. ಕಾಣದಿರುವುದು ನೀರಿನಲ್ಲೇ ಉಳಿದ Na⁺ ಮತ್ತು Cl⁻. ಅವು ಅಲ್ಲಿವೆ ಎಂದು ತೋರಿಸಲು ನಾನು 9 ವೋಲ್ಟ್ ಬ್ಯಾಟರಿ, ಒಂದು ರೋಧಕ, ಎಲ್‌ಇಡಿ ಮತ್ತು ಎರಡು ಗ್ರಾಫೈಟ್ ಕಡ್ಡಿಗಳನ್ನು ಜೋಡಿಸಿಕೊಂಡಿದ್ದೇನೆ. ಪ್ರಕ್ಷೇಪವಾದ ಮೇಲೂ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಹಾಗೆ ಉರಿಸುತ್ತಿರುವವೇ ಕ್ರಿಯೆಯಲ್ಲಿ ಭಾಗವಹಿಸದೆ ಉಳಿದ ಪ್ರೇಕ್ಷಕ ಅಯಾನುಗಳು.

ಇದಾದ ಮೇಲೆ ನಾನು ಬೇರಿಯಂ ಹೈಡ್ರಾಕ್ಸೈಡ್ ತೆಗೆದುಕೊಳ್ಳುತ್ತೇನೆ. ಅದನ್ನು ಆಗಲೇ ಸೋಸಿಕೊಳ್ಳಬೇಕು. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಆಮ್ಲ ಹಾಕುವ ಮೊದಲೇ ದ್ರಾವಣ ಕದಡುತ್ತದೆ. ಅದು ವಿಷಕಾರಿಯಾದ್ದರಿಂದ ಪಿಪೆಟ್ಟಿಗೆ ಬಾಯಿ ಹಚ್ಚುವಂತಿಲ್ಲ. 0.01 M ದ್ರಾವಣದ 50 ಮಿ.ಲೀ.ಗೆ ಫಿನಾಫ್ಥಲೀನ್ ಹನಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬ್ಯೂರೆಟ್ಟಿನಿಂದ 0.1 M ಸಲ್ಫ್ಯೂರಿಕ್ ಆಮ್ಲವನ್ನು ಬಿಡುತ್ತಾ ಹೋದಂತೆ ದ್ರಾವಣ ಬೆಳ್ಳಗಾಗುತ್ತದೆ, ಎಲ್‌ಇಡಿ ಮಂಕಾಗುತ್ತದೆ. 5 ಮಿ.ಲೀ. ಹತ್ತಿರ ಗುಲಾಬಿ ಬಣ್ಣ ಮಾಯವಾಗುತ್ತದೆ, ಎಲ್‌ಇಡಿಯೂ ಬಹುಮಟ್ಟಿಗೆ ಆರುತ್ತದೆ. ಇನ್ನಷ್ಟು ಆಮ್ಲ ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಆಗ ಸಮೀಕರಣ ಬರೆಸುತ್ತೇನೆ. ಹೆಚ್ಚಿನವರು ಬರೆಯುವುದು ಇದನ್ನು:

Ba²⁺ + SO₄²⁻ → BaSO₄

ಪರಮಾಣುಗಳೂ ಆವೇಶವೂ ಸರಿದೂಗಿವೆ, ಆದರೂ ಸಮೀಕರಣ ತಪ್ಪು. ಹಾಗಿದ್ದರೆ H⁺ ಮತ್ತು OH⁻ ಪ್ರೇಕ್ಷಕರಾಗಿ ಉಳಿಯಬೇಕಿತ್ತು, ಗುಲಾಬಿ ಬಣ್ಣ ಹೋಗಬಾರದಿತ್ತು. ಇನ್ನು ಕೆಲವರು H⁺, OH⁻, H₂O ಮೂರನ್ನೂ ಒಂದೊಂದೇ ಬರೆಯುತ್ತಾರೆ. ಅದೂ ಸರಿದೂಗುತ್ತದೆ, ಅದೂ ತಪ್ಪು, ಏಕೆಂದರೆ Ba(OH)₂ದಿಂದ ಪ್ರತಿ Ba²⁺ ಜೊತೆಗೆ ಎರಡು OH⁻ ಬಂದಿವೆ. ಸರಿದೂಗಿಸಿ ನೋಡುವುದೊಂದೇ ಸಾಲದು ಎಂದು ನಾನು ಒತ್ತಿ ಹೇಳುವುದು ಇಲ್ಲಿಯೇ. ಮೊದಲು ಪೂರ್ಣ ಸಮೀಕರಣವನ್ನು ಸರಿದೂಗಿಸಿ, ಆಮೇಲೆ ಅಯಾನುಗಳಾಗಿ ಬಿಡಿಸಬೇಕು:

Ba²⁺ + 2OH⁻ + 2H⁺ + SO₄²⁻ → BaSO₄ + 2H₂O

ಘನ BaSO₄ ಮತ್ತು ನೀರನ್ನು ಬಿಡಿಸುವಂತಿಲ್ಲ. ಎರಡೂ ಕಡೆ ಒಂದೇ ರೂಪದಲ್ಲಿರುವ ಅಯಾನು ಒಂದೂ ಸಿಗದು, ಹಾಗಾಗಿ ಹೊಡೆದುಹಾಕಲು ಏನೂ ಇಲ್ಲ. ಎಲ್‌ಇಡಿ ಆರಿದ್ದು ಅದಕ್ಕೇ. ಇದೇ ಕೆಲಸವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಮಾಡಿದರೆ ಬಣ್ಣ ಹೋದರೂ ಬೆಳಕು ಉಳಿಯುತ್ತದೆ: ಅಲ್ಲಿ Ba²⁺ ಮತ್ತು Cl⁻ ಪ್ರೇಕ್ಷಕರು, ನಿವ್ವಳವಾಗಿ ಉಳಿಯುವುದು H⁺ + OH⁻ → H₂O.

ಅಸಿಟಿಕ್ ಆಮ್ಲಕ್ಕೆ ಇದೇ ಸಾಲನ್ನು ಬರೆಯಬಾರದು. ಅದು ದುರ್ಬಲ ಆಮ್ಲ, ಬಹುಪಾಲು ಅಣುವಾಗಿಯೇ ಇರುತ್ತದೆ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಹೋದರೆ ಮಂಕಾಗಿದ್ದ ಎಲ್‌ಇಡಿ ಪ್ರಕಾಶಮಾನವಾಗುತ್ತದೆ:

CH₃COOH + OH⁻ → CH₃COO⁻ + H₂O

ಅಸಿಟೇಟ್ ಇಲ್ಲಿ ಹೊಸದಾಗಿ ಹುಟ್ಟಿದ ಅಯಾನು. ಪ್ರೇಕ್ಷಕನಾಗಿ ಉಳಿದದ್ದು Na⁺ ಮಾತ್ರ.