ಶೇಕಡಾ 30 ಅಂತ ಸುಮ್ನೆ ಬರೆಯೋದನ್ನು ಬಿಟ್ಟ ಮೇಲೆ

ಪ್ರತಿ ಯೋಜನೆಯ ದುಡ್ಡಿನಲ್ಲಿ ಮಹಿಳೆಯರ ಪಾಲು ಶೇಕಡಾ ಎಷ್ಟು ಅಂತ ತುಂಬುವ ಜೆಂಡರ್ ಬಜೆಟ್ ನಮೂನೆ ಬಂದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ಮಾಡ್ತಿದ್ದದ್ದು ಒಂದೇ. ಹೋದ ವರ್ಷದ ಹಾಳೆ ತೆಗೆದು, ಮೊತ್ತ ಬದಲಾಯಿಸಿ, ಕೊನೆಯ ಕಾಲಂನಲ್ಲಿ 30 ಅಂತ ಹೊಡೆದು ಕಳಿಸೋದು. ಎ ವರ್ಗಕ್ಕೆ ಪೂರ್ತಿ ನೂರು ಬೇಕು, ಬಿ ವರ್ಗಕ್ಕೆ 30ರಿಂದ 99. ಹಾಗಾಗಿ 30 ಅನ್ನೋದು ಎಲ್ಲರಿಗೂ ಇಷ್ಟವಾದ ಸಂಖ್ಯೆ. ಅದಕ್ಕಿಂತ ಒಂದು ಕಡಿಮೆಯಾದ್ರೂ ಸಾಲು ಪಟ್ಟಿಯಿಂದಲೇ ಬಿದ್ದುಹೋಗತ್ತೆ.

ರಾಜ್ಯದಲ್ಲಿ 2007-08ರಿಂದ ಜೆಂಡರ್ ಬಜೆಟ್ ಪುಸ್ತಕ ಬರ್ತಾ ಇದೆ. ನಾನು ಈ ಟೇಬಲ್ಲಿಗೆ ಬಂದಾಗಲೇ ಅದು ಹಳೇ ಸಂಪ್ರದಾಯ ಆಗಿತ್ತು. ನಮ್ಮದು ರೈತರಿಗೆ ಸಹಾಯಧನ ಕೊಡುವ ಇಲಾಖೆ. ಹೆಸರು ಬೇಡ, ಓದೋರಿಗೆ ಅಂದಾಜು ಸಿಗತ್ತೆ. ಜಿಲ್ಲೆಯಲ್ಲಿ ಸಂಬಳ ಬಿಟ್ಟು ಯೋಜನೆಗಳ ದುಡ್ಡು ಸುಮಾರು 18 ಕೋಟಿ. ಹಳೇ ಲೆಕ್ಕದಲ್ಲಿ ಅದರಲ್ಲಿ ಶೇಕಡಾ 31 ಮಹಿಳೆಯರಿಗೆ. ಒಂದಿನ ಕೂತು ನೋಡಿದೆ. ಒಂದು ಸಾಲು ಪೂರ್ತಿ ನೂರು, ಉಳಿದ ಎಲ್ಲಕ್ಕೂ 30. ಲೆಕ್ಕ ಬಂದದ್ದು ಫಲಾನುಭವಿಗಳಿಂದ ಅಲ್ಲ, ನಮೂನೆಯಿಂದ.

ಮೊದಲ ಪ್ರಯತ್ನ ತಲೆ ಎಣಿಸೋದು. ರೈತರ ವಿವರ ಇರುವ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಇದೆ, ತಾಲೂಕಿನಿಂದ ಫಲಾನುಭವಿ ಪಟ್ಟಿ ಬರತ್ತೆ, ಅದರಲ್ಲಿ ಹೆಂಗಸರು ಎಷ್ಟು ಅಂತ ನೋಡಿದ್ರೆ ಮುಗೀತು ಅಂದುಕೊಂಡೆ. ಯಂತ್ರೋಪಕರಣದ ಸಾಲು ತಗೊಂಡೆ. ಹಂಚಿಕೆ 3 ಕೋಟಿ, ಖರ್ಚು 2 ಕೋಟಿ 78 ಲಕ್ಷದ ಆಸುಪಾಸು. ಫಲಾನುಭವಿಗಳು 1,900, ಹೆಂಗಸರು 620. ಶೇಕಡಾ 33! ಹಳೇ 30 ಸರಿಯಾಗೇ ಇದೆಯಲ್ಲ ಅಂತ ನನಗೇ ನಗು ಬಂತು. ಸಾಹೇಬ್ರಿಗೂ ತೋರಿಸಿದೆ. ‘ನೋಡ್ರಿ, ಸುಮ್ನೆ ಟೈಮ್ ವೇಸ್ಟ್ ಮಾಡಿದ್ರಿ’ ಅಂದ್ರು.

ಅವತ್ತು ಸಂಜೆ ಬಿಲ್ ಫೈಲ್ ತಿರುವಿ ಹಾಕ್ತಿದ್ದಾಗ ಗೊತ್ತಾಯ್ತು. ಹೆಂಗಸರ ಹೆಸರು ಇದ್ದದ್ದೆಲ್ಲ ಬೆನ್ನಿಗೆ ಹಾಕುವ ಸ್ಪ್ರೇಯರ್ ಮತ್ತು ಟಾರ್ಪಾಲಿನ್ ಬಿಲ್‌ಗಳಲ್ಲಿ. ಟಿಲ್ಲರ್, ರೋಟವೇಟರ್ ಬಿಲ್ ತೆಗೆದ್ರೆ ಎಲ್ಲ ಅಪ್ಪ, ಗೌಡ, ಸ್ವಾಮಿ. ರೂಪಾಯಿಯಲ್ಲಿ ಮತ್ತೆ ಹಾಕಿದೆ. ಸಣ್ಣ ವಸ್ತು ಪಡೆದವರು 1,500 ಜನ, ತಲೆಗೆ ಸರಾಸರಿ 3 ಸಾವಿರ. ದೊಡ್ಡ ಯಂತ್ರ ಪಡೆದವರು 400, ತಲೆಗೆ ಸುಮಾರು 58 ಸಾವಿರ. ಹೆಂಗಸರು ಸಣ್ಣದರಲ್ಲಿ 580, ದೊಡ್ಡದರಲ್ಲಿ ಬರೀ 40. ಅಂದ್ರೆ ಅವರಿಗೆ ಹೋದದ್ದು 17 ಲಕ್ಷ ಚಿಲ್ಲರೆ ಮತ್ತು 23 ಲಕ್ಷ ಚಿಲ್ಲರೆ, ಒಟ್ಟು ಹತ್ತಿರ ಹತ್ತಿರ 41 ಲಕ್ಷ. ಶೇಕಡಾ 15ಕ್ಕೂ ಕಡಿಮೆ. ತಲೆ ಲೆಕ್ಕದಲ್ಲಿ 33, ದುಡ್ಡಿನ ಲೆಕ್ಕದಲ್ಲಿ 15. ಬಜೆಟ್ ಅಂದ್ರೆ ದುಡ್ಡಿನ ಲೆಕ್ಕ ಅಲ್ವಾ?

ಅಲ್ಲಿಂದ ಶುರುವಾಯ್ತು ನಿಜವಾದ ಕಷ್ಟ. ರೂಪಾಯಿ ಲೆಕ್ಕಕ್ಕೆ ಪ್ರತಿ ಪಾವತಿಗೂ ಯಾವ ಯೋಜನೆಯ ದುಡ್ಡು ಅಂತ ಹೇಳುವ ಲೆಕ್ಕ ಶೀರ್ಷಿಕೆ ಬೇಕು, ಲಿಂಗ ಬೇಕು. ತಾಲೂಕಿನಿಂದ ಬಂದ ಹಾಳೆಗಳಲ್ಲಿ ಮೂರರಲ್ಲಿ ಒಂದು ಭಾಗಕ್ಕೆ ಲಿಂಗದ ಕಾಲಂ ಖಾಲಿ. ಇನ್ನು ಕೆಲವು ಕಡೆ ಆಪರೇಟರ್ ಮೇಲಿನ ಸಾಲಿನದ್ದನ್ನೇ ಕೆಳಗೆ ಎಳೆದಿದ್ದ. ಎರಡು ಹೋಬಳಿ ಪೂರ್ತಿ ಗಂಡಸರು.

ಶೀರ್ಷಿಕೆಯದ್ದು ಇನ್ನೊಂದು ಕಥೆ. 15 ಅಂಕಿಯ ಕೋಡನ್ನು ಒಬ್ಬರು ಗೆರೆ ಹಾಕಿ ಬರೀತಾರೆ, ಒಬ್ಬರು ಜಾಗ ಬಿಟ್ಟು ಬರೀತಾರೆ. ಒಬ್ಬರು ಕಾಲಂ ಬೇರೆ ಬೇರೆ ಮಾಡಿ ಉಪ ಶೀರ್ಷಿಕೆಯ ಜಾಗದಲ್ಲಿ 2-05 ಅಂತ ಹೊಡೆದಿದ್ರು. ಎಕ್ಸೆಲ್ ಅದನ್ನು ಮೇ 2 ಅಂತ ತಾರೀಖು ಮಾಡಿಟ್ಟಿತ್ತು. ಒಂದು ತಾಲೂಕಿನ 70 ಲಕ್ಷ ರೂಪಾಯಿ ಯಾವ ಸಾಲಿಗೂ ಸೇರದೆ ಎರಡು ದಿನ ಗಾಳಿಯಲ್ಲಿ ತೇಲ್ತಿತ್ತು. ಈಗ ಹಾಳೆ ಕಳಿಸುವಾಗಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ ಕಳಿಸ್ತೀನಿ. ವಾಪಸ್ ಬಂದ ಮೇಲೆ ಮೊದಲು ನೋಡೋದು ಒಂದೇ: ನನ್ನ ಹಾಳೆಯ ಒಟ್ಟು ಮತ್ತು ಸರ್ಕಾರಿ ಖಜಾನೆಯ ತಂತ್ರಾಂಶ ಖಜಾನೆ-2ರ ಖರ್ಚಿನ ಒಟ್ಟು ತಾಳೆ ಆಗ್ತಿದೆಯಾ ಅಂತ. ತಾಳೆ ಆಗದೆ ಶೇಕಡಾ ಹಾಕಲ್ಲ.

ಲಿಂಗದ ಕಾಲಂ ತುಂಬಿಸಿದ ಉಪಾಯಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೀನಿ. ಹೆಸರು ನೋಡಿ ಊಹಿಸಿದ್ರೆ ಕೆಡತ್ತೆ. ಮಂಜು ಯಾರು, ಶಶಿ ಯಾರು, ಹೇಳಕ್ಕಾಗಲ್ಲ. ಲಕ್ಷ್ಮಿ ಅಂತ ಹುಡುಕಿದ್ರೆ ಲಕ್ಷ್ಮಿನಾರಾಯಣನೂ ಬರ್ತಾನೆ. ಆದ್ರೆ ನಮ್ಮ ದಾಖಲೆಗಳಲ್ಲಿ ಹೆಸರಿನ ಮಧ್ಯೆ ಒಂದು ಪುಟ್ಟ ಪದ ಇರತ್ತೆ. ‘ಗೌರಮ್ಮ ಕೋಂ ಸಿದ್ದಪ್ಪ’, ‘ರಂಗಪ್ಪ ಬಿನ್ ತಿಮ್ಮಯ್ಯ’. ಕೋಂ ಇದ್ರೆ ಹೆಂಡತಿ, ಮುಗೀತು. ನಾನು ಮೊದಲು ಬಯಲುಸೀಮೆಯಲ್ಲಿದ್ದೆ, ಅಲ್ಲಿ ಇದರಿಂದಲೇ ಖಾಲಿ ಸಾಲುಗಳಲ್ಲಿ ಮುಕ್ಕಾಲು ತುಂಬಿತು. ಉತ್ತರದ ಕಡೆಗೆ ವರ್ಗವಾಗಿ ಹೋದ ಮೇಲೆ ಅದು ಕೈಕೊಡ್ತು. ಅಲ್ಲಿ ‘ಶಾಂತವ್ವ ಗಂ. ಬಸಪ್ಪ’ ಅಂತ ಬರೀತಾರೆ. ‘ಗಂ.’ ಇದ್ರೆ ನಿಶ್ಚಿಂತೆ. ಆದ್ರೆ ‘ತಂ.’ ಅಂದ್ರೆ ತಂದೆ, ಅದು ಮಗನಿಗೂ ಆಯ್ತು, ಮಗಳಿಗೂ ಆಯ್ತು. ಮದುವೆಯಾಗದ ಹೆಣ್ಣುಮಕ್ಕಳು ಅಲ್ಲಿ ತಪ್ಪಿಹೋಗ್ತಾರೆ. ಅಂಥವಕ್ಕೆ ನನ್ನ ಹತ್ತಿರ ಹೆಸರಿನ ಕೊನೆಯ ಅಕ್ಷರಗಳ ಒಂದು ಪಟ್ಟಿ ಇದೆ, ಮೂರು ವರ್ಷ ಕೂಡಿಸಿದ್ದು. ಅದನ್ನು ಇಲ್ಲಿ ಹಾಕಲ್ಲ. ನೀವೂ ಸ್ವಲ್ಪ ಕಷ್ಟ ಪಡಿ.

ಇದೆಲ್ಲ ಆದ ಮೇಲೆ ಸೂತ್ರ ಏನೂ ದೊಡ್ಡದಲ್ಲ. ಎ2ರಲ್ಲಿ ಲೆಕ್ಕ ಬೇಕಾದ ಶೀರ್ಷಿಕೆ, ಬಿ ಕಾಲಂನಲ್ಲಿ ಪ್ರತಿ ಪಾವತಿಯ ಶೀರ್ಷಿಕೆ, ಎಫ್‌ನಲ್ಲಿ ಲಿಂಗ, ಜಿ ಕಾಲಂನಲ್ಲಿ ಪಾವತಿಯಾದ ರೂಪಾಯಿ:

```
=SUMIFS(G:G,B:B,A2,F:F,"F")/SUMIFS(G:G,B:B,A2)
```

ಲಿಂಗ ಗೊತ್ತಾಗದ ದುಡ್ಡನ್ನು ಗಂಡಸರ ಲೆಕ್ಕಕ್ಕೂ ಹಾಕಲ್ಲ, ಹೆಂಗಸರ ಲೆಕ್ಕಕ್ಕೂ ಹಾಕಲ್ಲ. ಬೇರೆ ಕಾಲಂನಲ್ಲಿ ತೋರಿಸ್ತೀನಿ. ಆದ್ರೆ ಅದು ಛೇದದಲ್ಲಿ ಇರತ್ತೆ, ಹಾಗಾಗಿ ಬರುವ ಶೇಕಡಾ ಕನಿಷ್ಠ ಅಂತ ಧೈರ್ಯವಾಗಿ ಹೇಳಬಹುದು. ಒಂದು ಸಾಲಿನಲ್ಲಿ ಅದು ಶೇಕಡಾ 10 ದಾಟಿದ್ರೆ ತಾಲೂಕಿಗೆ ವಾಪಸ್.

ದುಡ್ಡಿನ ವಿಷಯ ಹೇಳ್ಬೇಕು. ಮೊದಲ ವರ್ಷ ಡೇಟಾ ಎಂಟ್ರಿ ಹುಡುಗನನ್ನು ಎಂಟು ದಿನ ಜಾಸ್ತಿ ಕೂರಿಸಿಕೊಂಡೆ. ಅದಕ್ಕೆ ಯಾವ ಶೀರ್ಷಿಕೆಯಲ್ಲೂ ದುಡ್ಡಿಲ್ಲ. ನಾಲ್ಕು ಸಾವಿರ ಕೈಯಿಂದ ಕೊಟ್ಟೆ. ಮನೆಯಲ್ಲಿ ಕೇಳಿದಾಗ ಹೆಂಗಸರ ಬಜೆಟ್‌ಗೆ ಅಂದೆ. ‘ಈ ಹೆಂಗಸಿನ ಬಜೆಟ್ ಯಾವಾಗ?’ ಅಂದಳು. ಎರಡನೇ ವರ್ಷ ಮೂರು ದಿನದಲ್ಲಿ ಮುಗೀತು.

ಈ ದಾರಿಯಲ್ಲಿ ಬರೀ ಇಳಿಕೆ ಮಾತ್ರ ಅಲ್ಲ. ಸಂಸ್ಕರಣಾ ಘಟಕದ ಸಾಲು ಒಂದಿತ್ತು, 1 ಕೋಟಿ 20 ಲಕ್ಷ. ಅದರಲ್ಲಿ ಮಹಿಳಾ ಪಾಲು ಸೊನ್ನೆ ಅಂತ ಬರ್ತಿತ್ತು. ಯಾಕಂದ್ರೆ ಫಲಾನುಭವಿ ಹೆಸರಿನ ಜಾಗದಲ್ಲಿ ಸಂಘದ ಹೆಸರು, ಲಿಂಗ ಖಾಲಿ. ಸಂಘಗಳ ಪಟ್ಟಿ ತರಿಸಿದ್ರೆ ಹೆಚ್ಚಿನವು ಸ್ತ್ರೀಶಕ್ತಿ ಗುಂಪುಗಳು. ಸೊನ್ನೆ ಇದ್ದದ್ದು ಶೇಕಡಾ 80ರ ಹತ್ತಿರ ಹೋಯ್ತು. ಹಂಚಿಕೆ ಸಾಲನ್ನು ನೋಡಿ ಮಹಿಳೆಯರದ್ದು ಇಷ್ಟು ಅಂತ ಟ್ಯಾಗ್ ಮಾಡೋರಿಗೆ ಇದು ಎಂದೂ ಕಾಣಲ್ಲ.

ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಯಂತ್ರದ ಯೋಜನೆಯಲ್ಲಿ ಮಹಿಳೆಯರಿಗೆ ಶೇಕಡಾ 50 ಸಹಾಯಧನ, ಸಣ್ಣ ಹಿಡುವಳಿ ಅಥವಾ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ಗಂಡಸರಿಗೆ 40. ಹೆಂಡತಿ ಹೆಸರಲ್ಲಿ ಅರ್ಜಿ ಹಾಕೋದು ಸಹಜ. ಆ 40 ಜನರಲ್ಲಿ 20 ಮನೆಗೆ ಫೋನ್ ಮಾಡಿದೆ. ಹದಿಮೂರು ಕಡೆ ಗಂಡಸರೇ ಎತ್ತಿದ್ರು, ಅಮ್ಮನಿಗೆ ಕೊಡಿ ಅಂದ್ರೆ ‘ಏನ್ ಸಾರ್, ನಂಗೇ ಹೇಳಿ’ ಅಂದ್ರು. ಒಬ್ಬ ಅಜ್ಜಿ ಮಾತ್ರ ಟಿಲ್ಲರ್ ಬಾಡಿಗೆಗೆ ಬಿಟ್ಟು ಗಂಟೆಗೆ ಎಷ್ಟು ಬರತ್ತೆ ಅಂತ ಪೂರ್ತಿ ಲೆಕ್ಕ ಒಪ್ಪಿಸಿದ್ರು. ಇದನ್ನು ವರದಿಗೆ ಸೇರಿಸಲಿಲ್ಲ. ಹೆಸರು ಯಾರದ್ದೋ ದುಡ್ಡು ಅವರದ್ದು ಅಂತಲೇ ಹಾಕಿದೆ. ಟ್ಯಾಗ್ ಹೇಳೋದು ಅಷ್ಟು ಮಾತ್ರ.

ಮಕ್ಕಳ ಬಜೆಟ್‌ಗೆ ನಮ್ಮಲ್ಲಿ ಹೆಚ್ಚು ಸಾಲಿಲ್ಲ. ಒಂದು ವರ್ಷ ಹಾಸ್ಟೆಲ್ ನಡೆಸುವ ಇಲಾಖೆಗೆ ನಿಯೋಜನೆ ಮೇಲೆ ಹೋಗಿದ್ದಾಗ ಕೈ ಹಾಕಿದೆ. ಮೆಟ್ರಿಕ್ ಪೂರ್ವ ಸುಲಭ, ಎಲ್ಲರೂ 18ರ ಒಳಗೆ. ಮೆಟ್ರಿಕ್ ನಂತರದ್ದರಲ್ಲಿ ಪಿಯುಸಿ ಮಕ್ಕಳೂ ಇರ್ತಾರೆ, ಡಿಗ್ರಿಯವರೂ ಇರ್ತಾರೆ. ಅಲ್ಲಿ ಹಾಜರಾತಿ ಪುಸ್ತಕದಿಂದ ಪಿಯುಸಿ ತಲೆ ಎಣಿಸಿ ಹಂಚಿದೆ. ಊಟದ ದರ ತಲೆಗೆ ಒಂದೇ ಆದ್ದರಿಂದ ಇಲ್ಲಿ ತಲೆ ಲೆಕ್ಕವೇ ರೂಪಾಯಿ ಲೆಕ್ಕ, ಸ್ಪ್ರೇಯರ್-ಟಿಲ್ಲರ್ ತೊಂದರೆ ಇಲ್ಲ. ಬಾಲಕಿಯರ ಹಾಸ್ಟೆಲ್ ಎರಡೂ ಪುಸ್ತಕದಲ್ಲಿ ಬರತ್ತೆ, ಬರಲೇಬೇಕು. ಆದ್ರೆ ಅಲ್ಲಿ ಒಬ್ಬರು ಎರಡೂ ಪುಸ್ತಕದ ಮೊತ್ತ ಕೂಡಿಸಿ ‘ಮಹಿಳೆ ಮತ್ತು ಮಕ್ಕಳಿಗೆ ಇಷ್ಟು’ ಅಂತ ಟಿಪ್ಪಣಿ ಬರೆದಿದ್ರು. ಒಂದೇ ಹುಡುಗಿಯ ಊಟ ಎರಡು ಸಲ! ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗಳ ಕೋಡ್ ಆದ 422, 423ರ ದುಡ್ಡಿಗೂ ಇದೇ ಮಾತು. ಅದು ಪರಿಶಿಷ್ಟರ ಲೆಕ್ಕದಲ್ಲೂ ಇರತ್ತೆ, ಮಹಿಳೆಯರ ಲೆಕ್ಕದಲ್ಲೂ ಇರತ್ತೆ. ಪಟ್ಟಿಗಳನ್ನು ಪಕ್ಕಪಕ್ಕ ಇಡಬಹುದು, ಕೂಡಿಸಬಾರದು.

ಕೊನೆಗೆ ನಮ್ಮ ಜಿಲ್ಲೆಯ ಲೆಕ್ಕ ಹೀಗೆ ನಿಂತಿತು. ಮಹಿಳೆಯರಿಗೆ 3 ಕೋಟಿ 10 ಲಕ್ಷದಷ್ಟು. ಯೋಜನಾ ಮೊತ್ತ 18 ಕೋಟಿಗೆ ಭಾಗಿಸಿದ್ರೆ ಶೇಕಡಾ 17. ಸಂಬಳ ಸೇರಿಸಿ 26 ಕೋಟಿಗೆ ಭಾಗಿಸಿದ್ರೆ 12. ಎರಡನ್ನೂ ಕೊಟ್ಟೆ, ಛೇದ ಯಾವುದು ಅಂತ ಪಕ್ಕದಲ್ಲೇ ಬರೆದೆ. ಮಹಿಳಾ ಸಿಬ್ಬಂದಿಯ ಸಂಬಳವನ್ನು ಮಹಿಳಾ ಪಾಲಿಗೆ ಸೇರಿಸಿ ಅಂತ ಸಲಹೆ ಬಂತು. ಒಪ್ಪಲಿಲ್ಲ. ಅದು ಅವರ ದುಡಿಮೆಯ ದುಡ್ಡು, ಕಾರ್ಯಕ್ರಮ ಅಲ್ಲ.

‘31 ಇದ್ದದ್ದು 17 ಆಯ್ತು ಅಂತ ಮೇಲೆ ಹೇಗ್ರೀ ಕಳಿಸೋದು?’ ಅಂತ ಸಾಹೇಬ್ರು ಎರಡು ವಾರ ಫೈಲ್ ಇಟ್ಟುಕೊಂಡ್ರು. ಪಕ್ಕದ ಜಿಲ್ಲೆಯವರು ಫೋನ್ ಮಾಡಿ ನಕ್ಕರು. 30ಕ್ಕಿಂತ ಕೆಳಗೆ ಬಿದ್ದ ಸಾಲುಗಳನ್ನು ನಾನು ಬಿಸಾಡದೆ ಬೇರೆ ಅನುಬಂಧ ಮಾಡಿ ಕಳಿಸಿದ್ದೆ. ಅದಕ್ಕೂ ‘ನಮೂನೆಯಲ್ಲಿ ಇಲ್ಲ’ ಅಂತ ಆಕ್ಷೇಪಣೆ ಬಂತು. ಆಮೇಲೆ 2024-25ರಲ್ಲಿ ಕೇಂದ್ರದ ಜೆಂಡರ್ ಬಜೆಟ್ ಪಟ್ಟಿಗೇ 30ಕ್ಕಿಂತ ಕಡಿಮೆಯ ಸಾಲುಗಳಿಗೆ ಮೂರನೇ ಭಾಗ ಬಂತು. ಆ ಪುಟದ ಪ್ರಿಂಟ್ ತೆಗೆದು ಸಾಹೇಬ್ರ ಟೇಬಲ್ ಮೇಲೆ ಇಟ್ಟು ಬಂದೆ, ಏನೂ ಹೇಳಲಿಲ್ಲ.

ನಿಜವಾಗಿ ಗೆದ್ದದ್ದು ಅಧಿವೇಶನದ ಸಮಯದಲ್ಲಿ. ಮೂರು ವರ್ಷದಲ್ಲಿ ಎಷ್ಟು ಮಹಿಳೆಯರಿಗೆ, ಯೋಜನಾವಾರು, ತಾಲೂಕುವಾರು ಎಷ್ಟು ಸಹಾಯಧನ ಅಂತ ಸದನದ ಪ್ರಶ್ನೆ ಬಂತು, ಸಂಜೆಯೊಳಗೆ ಉತ್ತರ ಬೇಕು. 30 ಅಂತ ಹೊಡೆದವರ ಹತ್ತಿರ ಹೆಸರುಗಳಿಲ್ಲ, ರಾತ್ರಿ ಹನ್ನೊಂದರವರೆಗೆ ತಾಲೂಕುಗಳಿಗೆ ಫೋನ್ ಮಾಡ್ತಾ ಕೂತಿದ್ರು. ನಮ್ಮ ಉತ್ತರ ಮಧ್ಯಾಹ್ನ ಊಟಕ್ಕೆ ಮೊದಲೇ ಹೋಯ್ತು. ನಕ್ಕಿದ್ದ ಪಕ್ಕದ ಜಿಲ್ಲೆಯವರೇ ನಾಲ್ಕು ಗಂಟೆಗೆ ಫೋನ್ ಮಾಡಿ, ‘ಆ ಹಾಳೆ ಒಂದು ಕಳಿಸ್ರೀ’ ಅಂದ್ರು. ಕಳಿಸಿದೆ. ಕೊನೆಯ ಅಕ್ಷರದ ಪಟ್ಟಿ ಇರುವ ಶೀಟ್ ಮಾತ್ರ ತೆಗೆದಿಟ್ಟುಕೊಂಡೆ.