ಫೋಮ್ ಡಾರ್ಟ್ ಬ್ಲಾಸ್ಟರಿನ ಒಳಗೆ: ನನ್ನ ಅನುಭವ

ಮೆತ್ತನೆಯ ಫೋಮ್ ಡಾರ್ಟ್ ಹಾರಿಸುವ ಆಟಿಕೆ ಬಂದೂಕುಗಳಾದ ನರ್ಫ್ ಬ್ಲಾಸ್ಟರ್‌ಗಳನ್ನು ನೆಂಟರ, ನೆರೆಯವರ ಮಕ್ಕಳಿಗೆ ದುರಸ್ತಿ ಮಾಡಿಕೊಡುವುದು ನನ್ನ ಹವ್ಯಾಸ. ಅವನ್ನು ತಂದುಕೊಡುವವರಲ್ಲಿ ಅರ್ಧದಷ್ಟು ಜನ ಡಾರ್ಟ್ ಇನ್ನೂ ಜೋರಾಗಿ ಹಾರುವಂತೆ ಮಾಡಿಕೊಡಿ ಎಂದೂ ಕೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ಸ್ಪ್ರಿಂಗ್ ಮಾದರಿಯಲ್ಲಿ ಸ್ಪ್ರಿಂಗ್ ಡಾರ್ಟನ್ನು ನೇರವಾಗಿ ತಳ್ಳುವುದಿಲ್ಲ. ಕೊಳವೆಯೊಳಗೆ ಹಿಂದೆ ಮುಂದೆ ಸರಿಯುವ ದಂಡವೇ ಪ್ಲಂಜರ್, ಹಿಂದಕ್ಕೆಳೆದ ಅದನ್ನು ಒಂದು ಸಣ್ಣ ಕೊಕ್ಕೆ ಹಿಡಿದಿರುತ್ತದೆ. ಟ್ರಿಗರ್ ಒತ್ತಿದಾಗ ಆ ಕೊಕ್ಕೆ ಬಿಟ್ಟುಕೊಟ್ಟು, ಪ್ಲಂಜರ್ ಮುಂದೆ ನುಗ್ಗಿ ಕೊಳವೆಯೊಳಗಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿಯೇ ಡಾರ್ಟನ್ನು ಹೊರದೂಡುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಭಾರವೆಲ್ಲ ಆ ಪ್ಲಾಸ್ಟಿಕ್ ಕೊಕ್ಕೆಯ ಅಂಚಿನ ಮೇಲೆ ಬೀಳುತ್ತದೆ. ಬೇರೆ ಕಡೆ ಬದಲಾಯಿಸಿ ನನ್ನ ಬಳಿಗೆ ತಂದಿದ್ದ ಒಂದು ಬ್ಲಾಸ್ಟರಿನಲ್ಲಿ ಆ ಅಂಚು ದುಂಡಗೆ ಸವೆದು, ಟ್ರಿಗರ್ ಮುಟ್ಟದೆಯೇ ಡಾರ್ಟ್ ಹಾರುತ್ತಿತ್ತು. ಪ್ಲಂಜರ್ ಬಡಿದು ನಿಲ್ಲುವ ಜಾಗದಲ್ಲಿ ಕೊಳವೆಗೆ ಕೂದಲೆಳೆಯಂಥ ಬಿರುಕು ಬಿದ್ದಿತ್ತು.

ನರ್ಫ್ ಸ್ಟ್ರೈಫ್‌ನಂಥ ಫ್ಲೈವೀಲ್ ಮಾದರಿಯಲ್ಲಿ ಗಾಳಿಗೆ ಕೆಲಸವಿಲ್ಲ. ಎದುರುಬದುರಾಗಿ ತಿರುಗುವ ಎರಡು ಚಕ್ರಗಳ ನಡುವಿನ ಸಂದು ಡಾರ್ಟಿಗಿಂತ ಕಿರಿದಾಗಿರುವುದರಿಂದ, ಒಳಗೆ ಬಂದ ಡಾರ್ಟನ್ನು ಅವು ಹಿಚುಕಿ ಎಸೆಯುತ್ತವೆ. ನಾಲ್ಕು ಎಎ ಸೆಲ್‌ಗಳ 6 ವೋಲ್ಟಿನ ಬದಲು 11.1 ವೋಲ್ಟಿನ ಲಿಥಿಯಂ ಬ್ಯಾಟರಿ ಹಾಕಿದರೆ ಚಕ್ರಗಳ ವೇಗ ಹೆಚ್ಚುವುದು ನಿಜ, ಆದರೆ ಹಿಡಿತ ಸಾಲದೆಹೋದರೆ ಡಾರ್ಟ್ ಚಕ್ರದ ಮೇಲೆ ಜಾರುತ್ತದೆ, ಹೆಚ್ಚುವರಿ ವೇಗವೆಲ್ಲ ಫೋಮ್ ಸವೆತಕ್ಕೂ ಶಾಖಕ್ಕೂ ಹೋಗುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಡಾರ್ಟ್ ಸಿಕ್ಕಿಕೊಂಡು ಮೋಟಾರ್ ನಿಂತುಬಿಡುವ ಕ್ಷಣ. ಎಎ ಸೆಲ್‌ಗಳು ತಾವಾಗಿಯೇ ಹೆಚ್ಚು ಕರೆಂಟ್ ಕೊಡಲಾರವು. ಲಿಥಿಯಂ ಬ್ಯಾಟರಿಗೆ ಅಂಥ ಸಂಕೋಚವಿಲ್ಲ, ಹಾಗಾಗಿ ಮೂಲದ ತೆಳು ತಂತಿಯೂ ಸಣ್ಣ ಸ್ವಿಚ್ಚೂ ಕೆಲವೇ ಕ್ಷಣಗಳಲ್ಲಿ ಸುಡುವಷ್ಟು ಬಿಸಿಯಾಗಬಹುದು. ಅಲ್ಲಿರುವ ರಕ್ಷಣಾ ಬಿಡಿಭಾಗವನ್ನೂ ಹಲವರು ಅಡ್ಡಿಯೆಂದು ಕಿತ್ತುಹಾಕಿರುತ್ತಾರೆ.

ಇನ್ನು ಪೆಟ್ಟಿನ ಲೆಕ್ಕ. ಸುಮಾರು 1 ಗ್ರಾಂ ತೂಕದ ಡಾರ್ಟ್ ಸೆಕೆಂಡಿಗೆ 21 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 0.22 ಜೂಲ್. ವೇಗವನ್ನು ಎರಡು ಪಟ್ಟು ಮಾಡಿದರೆ ಶಕ್ತಿ ನಾಲ್ಕು ಪಟ್ಟಾಗಿ 0.88 ಜೂಲ್ ಆಗುತ್ತದೆ. ಡಾರ್ಟಿನ ತುದಿ ಕಣ್ಣಿನ ಗೂಡಿನೊಳಗೆ ಹೋಗುವಷ್ಟು ಚಿಕ್ಕದು, ಆದ್ದರಿಂದ ಸುತ್ತಲಿನ ಮೂಳೆ ಅದನ್ನು ತಡೆಯುವುದಿಲ್ಲ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು 2017ರಲ್ಲಿ ಇಂಥ ಆಟಿಕೆಯ ಡಾರ್ಟ್ ತಗುಲಿ ಕಣ್ಣಿನೊಳಗೆ ರಕ್ತಸ್ರಾವವಾದ ಮೂರು ಪ್ರಕರಣಗಳನ್ನು ವರದಿ ಮಾಡಿ, ಕಣ್ಣಿಗೆ ರಕ್ಷಣೆ ಇರಲಿ ಎಂದಿದ್ದರು. ಗಟ್ಟಿ ತುದಿಯ ಅಗ್ಗದ ಡಾರ್ಟುಗಳನ್ನು ಬಳಸಿದರೆ ಅಪಾಯ ಮತ್ತೂ ಹೆಚ್ಚು.

ಬಹುತೇಕ ಬ್ಲಾಸ್ಟರ್‌ಗಳು ದುರ್ಬಲವಾಗಿರುವುದಕ್ಕೆ ಬೇರೆಯೇ ಕಾರಣವಿರುತ್ತದೆ. ನಳಿಕೆಯನ್ನು ಅಂಗೈಯಿಂದ ಮುಚ್ಚಿ ಪ್ಲಂಜರನ್ನು ನಿಧಾನವಾಗಿ ಮುಂದೆ ಬಿಟ್ಟಾಗ ಅದು ತಡೆಯಿಲ್ಲದೆ ಸರಿದರೆ ಪ್ಲಂಜರಿನ ರಬ್ಬರ್ ಉಂಗುರದ ಬಳಿ ಗಾಳಿ ಸೋರುತ್ತಿದೆಯೆಂದು ತಿಳಿಯುತ್ತದೆ. ಅದಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ, ಸೀಳಿದ್ದರೆ ಬದಲಾಯಿಸುತ್ತೇನೆ. ಫ್ಲೈವೀಲಾದರೆ ಚಕ್ರಕ್ಕೆ ಅಂಟಿದ ಫೋಮ್ ಪುಡಿಯನ್ನು ಒರೆಸಿ, ಹೊಸ ಸೆಲ್ ಹಾಕಿ, ಚಪ್ಪಟೆಯಾದ ಡಾರ್ಟುಗಳನ್ನು ತೆಗೆದಿಟ್ಟು ಮಕ್ಕಳ ಕೈಗೆ ಕೊಡುತ್ತೇನೆ.